ವಿದೇಶದಿಂದ ಎರಡು ಲ್ಯಾಪ್‌ಟಾಪ್ ತಂದರೆ ಸುಂಕ ಎಷ್ಟು, ಯಾವುದಕ್ಕೆ?

ವಿದೇಶದಿಂದ ಮರಳುವವರು ಹೊರಡುವ ವಾರ ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ಲ್ಯಾಪ್‌ಟಾಪ್‌ನ ಬೆಲೆಯನ್ನು ಸುಂಕರಹಿತ ಮಿತಿಯೊಳಗೆ ಸೇರಿಸಬೇಕೇ? ಬೇಡ. ಹದಿನೆಂಟು ತುಂಬಿದ ಪ್ರತಿಯೊಬ್ಬ ಪ್ರಯಾಣಿಕರೂ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು, ಅದರ ಬೆಲೆ ಬೇರೆ ಸಾಮಾನುಗಳ ಲೆಕ್ಕಕ್ಕೆ ಬರುವುದಿಲ್ಲ. 2004ರ ಜನವರಿಯ ಅಧಿಸೂಚನೆಯಿಂದ ಬಂದ ಈ ವಿನಾಯಿತಿ ಈಗಿನ ನಿಯಮಗಳಲ್ಲೂ ಉಳಿದಿದೆ. ಇಷ್ಟು ಹಳೆಯ ವಿಷಯವಾದರೂ ಗೊಂದಲ ಹೋಗಿಲ್ಲ. ಗೊಂದಲಕ್ಕೆ ನಿಜವಾದ ಕಾರಣ ಮೊದಲ ಲ್ಯಾಪ್‌ಟಾಪ್ ಅಲ್ಲ. ಎರಡನೆಯದು, ಮತ್ತು ಅದರ ಜೊತೆಗೆ ಸೂಟ್‌ಕೇಸ್ ಸೇರುವ ಮೊಬೈಲ್, ಕೈಗಡಿಯಾರ, ಸುಗಂಧದ್ರವ್ಯ, ಚಾಕೊಲೇಟು, ಆಟಿಕೆಗಳು.

2026ರ ಫೆಬ್ರವರಿಯಲ್ಲಿ ಹೊಸ ಬ್ಯಾಗೇಜ್ ನಿಯಮಗಳು ಜಾರಿಗೆ ಬಂದವು. ಹತ್ತು ವರ್ಷ ನಡೆದ 2016ರ ನಿಯಮಗಳ ಜಾಗವನ್ನು ಇವು ತುಂಬಿವೆ. ವಿಮಾನದಲ್ಲಿ ಬರುವ ಭಾರತದ ನಿವಾಸಿಗೆ ಅಥವಾ ಭಾರತೀಯ ಮೂಲದ ಪ್ರವಾಸಿಗೆ ಇದ್ದ 50,000 ರೂಪಾಯಿ ಮಿತಿ 75,000ಕ್ಕೆ ಏರಿದೆ. ವಿದೇಶಿ ಮೂಲದ ಪ್ರವಾಸಿಗೆ ಇದ್ದ 15,000 ರೂಪಾಯಿ 25,000 ಆಗಿದೆ. ಒಂದೂವರೆ ಪಟ್ಟು ಹೆಚ್ಚಳ ಎಂದು ಸುದ್ದಿಯಾಯಿತು. ರೂಪಾಯಿಯಲ್ಲಿ ನೋಡಿದರೆ ಅದು ನಿಜ. ಆದರೆ ಕೊಳ್ಳುವವನು ಅಲ್ಲಿ ತೆರುವುದು ರೂಪಾಯಿಯನ್ನಲ್ಲ. 2016ರಲ್ಲಿ ಒಂದು ಡಾಲರಿಗೆ ಸುಮಾರು 67 ರೂಪಾಯಿ ಇತ್ತು. ಅಂದಿನ ಮಿತಿ ಹತ್ತಿರ ಹತ್ತಿರ 750 ಡಾಲರ್ ಆಗುತ್ತಿತ್ತು. ಈಗ ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ 75,000 ರೂಪಾಯಿ ಎಂದರೆ 830 ಡಾಲರಿನ ಆಸುಪಾಸು. ಹತ್ತು ವರ್ಷದಲ್ಲಿ ಡಾಲರ್ ಲೆಕ್ಕದ ಏರಿಕೆ ನೂರಕ್ಕೂ ಕಡಿಮೆ. ಆ ಹತ್ತು ವರ್ಷದಲ್ಲಿ ಅಮೆರಿಕದಲ್ಲೂ ಕೊಲ್ಲಿ ದೇಶಗಳಲ್ಲೂ ಸಾಮಾನುಗಳ ಬೆಲೆ ಏರಿದೆ. ಹಾಗಾಗಿ ಮಿತಿ ಹೆಚ್ಚಿತು ಎಂಬ ಧೈರ್ಯದ ಮೇಲೆ ಇನ್ನೊಂದು ಮೊಬೈಲ್ ಕೊಳ್ಳುವ ಮುನ್ನ ಲೆಕ್ಕ ಹಾಕುವುದು ಒಳ್ಳೆಯದು.

ಲೆಕ್ಕಕ್ಕೆ ಇಳಿಯುವ ಮೊದಲು ಒಂದು ತಪ್ಪು ನಂಬಿಕೆಯನ್ನು ಬಿಡಬೇಕು. ‘ಇದು ಮಾರುವುದಕ್ಕಲ್ಲ, ಉಡುಗೊರೆ’ ಎಂದರೆ ಸುಂಕವಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಕಸ್ಟಮ್ಸ್ ಕಾಯ್ದೆಯ 79ನೇ ಸೆಕ್ಷನ್ ಉಡುಗೊರೆಯ ಮಾತನ್ನು ಆಡುತ್ತದೆ, ನಿಜ. ಪ್ರಯಾಣಿಕರ ಅಥವಾ ಅವರ ಕುಟುಂಬದ ಬಳಕೆಗೆ ತಂದ ವಸ್ತು, ನಿಜವಾದ ಉಡುಗೊರೆ, ಪ್ರವಾಸದ ನೆನಪಿನ ವಸ್ತು, ಇವುಗಳಿಗೆ ಅಧಿಕಾರಿ ಸುಂಕ ಬಿಡಬಹುದು ಎನ್ನುತ್ತದೆ. ಆದರೆ ಅದೇ ಉಸಿರಿನಲ್ಲಿ ನಿಯಮಗಳು ಹಾಕಿದ ಬೆಲೆಯ ಮಿತಿಯನ್ನು ಮೀರಬಾರದು ಎಂದೂ ಹೇಳುತ್ತದೆ. ಆ ಮಿತಿಯೇ ಈ 75,000. ಅಂದರೆ ಉಡುಗೊರೆ ಎನ್ನುವುದು ಮಿತಿಯೊಳಗೆ ಬರಲು ಬೇಕಾದ ಅರ್ಹತೆ, ಮಿತಿಯಿಂದ ಹೊರಗುಳಿಯುವ ದಾರಿಯಲ್ಲ. ಉಡುಗೊರೆಯೂ ಅಲ್ಲದೆ ಸ್ವಂತಕ್ಕೂ ಅಲ್ಲದೆ ಮಾರಾಟಕ್ಕೆ ತಂದದ್ದಾದರೆ ಈ ರಿಯಾಯಿತಿಯೇ ಸಿಗುವುದಿಲ್ಲ. ಒಂದೇ ಮಾದರಿಯ ನಾಲ್ಕೈದು ಮೊಬೈಲ್‌ಗಳು ಪೆಟ್ಟಿಗೆ ಸಮೇತ ಸಿಕ್ಕಾಗ ಅಧಿಕಾರಿಗೆ ಮೊದಲು ಬರುವ ಅನುಮಾನ ಇದೇ.

ಮಿತಿಯ ಹೊರಗೆ ಉಳಿಯುವ ಇನ್ನೊಂದು ಗುಂಪಿದೆ: ಪ್ರಯಾಣಿಕರು ಬಳಸಿದ ದಿನನಿತ್ಯದ ಸ್ವಂತ ವಸ್ತುಗಳು. ಉಟ್ಟ ಬಟ್ಟೆ, ಹಾಕಿದ ಚಪ್ಪಲಿ, ಕೈಯಲ್ಲಿರುವ ಹಳೆಯ ಮೊಬೈಲ್ ಇವುಗಳ ಬೆಲೆಯನ್ನು ಯಾರೂ ಕೂಡಿಸುವುದಿಲ್ಲ. ತೊಂದರೆ ಬರುವುದು ನಡುವಿನ ವಸ್ತುಗಳಲ್ಲಿ. ಹಿಂದಿನ ವಾರ ಕೊಂಡು, ಪೆಟ್ಟಿಗೆ ಬಿಸಾಡಿ, ಎರಡು ದಿನ ಬಳಸಿದ ದುಬಾರಿ ಮೊಬೈಲನ್ನು ಬಳಸಿದ ವಸ್ತು ಎಂದು ಅಧಿಕಾರಿ ಒಪ್ಪಬೇಕೆಂದೇನೂ ಇಲ್ಲ. ಕಾಯ್ದೆಯ ಪ್ರಕಾರ ಒಪ್ಪಿಗೆಯಾಗಬೇಕಾದದ್ದು ಅಧಿಕಾರಿಗೆ, ಪ್ರಯಾಣಿಕರಿಗಲ್ಲ. ಅದರಲ್ಲೂ ಹಳೆಯ ಮೊಬೈಲ್ ಇನ್ನೊಂದು ಜೇಬಿನಲ್ಲೇ ಇದ್ದರೆ ವಾದ ಇನ್ನಷ್ಟು ಸಡಿಲವಾಗುತ್ತದೆ.

ಈಗ ಒಂದು ಉದಾಹರಣೆ. ಬೆಂಗಳೂರಿನ ಎಂಜಿನಿಯರ್ ಒಬ್ಬರು ಕಚೇರಿ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿ ಕೆಲವು ವಾರಗಳ ನಂತರ ಒಬ್ಬರೇ ಮರಳುತ್ತಿದ್ದಾರೆ ಎನ್ನೋಣ. ಇಲ್ಲಿಂದ ತೆಗೆದುಕೊಂಡು ಹೋದ ಕಚೇರಿಯ ಲ್ಯಾಪ್‌ಟಾಪ್ ಬೆನ್ನಿನ ಚೀಲದಲ್ಲಿದೆ. ತಮಗೆಂದು 1,400 ಡಾಲರ್ ಕೊಟ್ಟು ಹೊಸ ಲ್ಯಾಪ್‌ಟಾಪ್ ಕೊಂಡಿದ್ದಾರೆ. ಕಾಲೇಜಿಗೆ ಹೋಗುವ ತಂಗಿಗೆ 800 ಡಾಲರಿನ ಇನ್ನೊಂದು, ಅಪ್ಪನಿಗೆ 600 ಡಾಲರಿನ ಮೊಬೈಲ್. ಚಾಕೊಲೇಟು, ಸುಗಂಧದ್ರವ್ಯ, ಮಕ್ಕಳ ಆಟಿಕೆ ಎಲ್ಲ ಸೇರಿ 250 ಡಾಲರ್. ಸುಲಭಕ್ಕೆ ಡಾಲರಿಗೆ 90 ರೂಪಾಯಿಯನ್ನೇ ಇಟ್ಟುಕೊಳ್ಳೋಣ. ವಿಮಾನ ನಿಲ್ದಾಣದಲ್ಲಿ ಅನ್ವಯಿಸುವುದು ಕಸ್ಟಮ್ಸ್ ಇಲಾಖೆ ಆಗಾಗ ಪ್ರಕಟಿಸುವ ವಿನಿಮಯ ದರ. ನಿಮ್ಮ ಬ್ಯಾಂಕ್ ಕಾರ್ಡಿಗೆ ಹಾಕಿದ ದರವಲ್ಲ.

ರೂಪಾಯಿಗೆ ತಿರುಗಿಸಿದರೆ ತಮ್ಮ ಹೊಸ ಲ್ಯಾಪ್‌ಟಾಪ್ 1,26,000, ತಂಗಿಯದು 72,000, ಮೊಬೈಲ್ 54,000, ಸಣ್ಣ ಉಡುಗೊರೆಗಳು 22,500. ಕಚೇರಿಯ ಲ್ಯಾಪ್‌ಟಾಪನ್ನು ಸದ್ಯಕ್ಕೆ ಪಕ್ಕಕ್ಕಿಡೋಣ, ಅದರ ಕಥೆ ಬೇರೆ. ಒಂದು ಲ್ಯಾಪ್‌ಟಾಪಿನ ವಿನಾಯಿತಿಯನ್ನು ದುಬಾರಿಯದಕ್ಕೆ ಹಚ್ಚಿದರೆ 1,26,000 ಲೆಕ್ಕದಿಂದ ಹೊರಗೆ ಹೋಯಿತು. ಉಳಿದ ಮೂರರ ಮೊತ್ತ 1,48,500. ಇದರಲ್ಲಿ 75,000 ಕಳೆದರೆ 73,500. ಸುಂಕ ಬೀಳುವುದು ಈ 73,500ರ ಮೇಲೆ ಮಾತ್ರ. ಮಿತಿ ಮೀರಿತು ಎಂದ ಮಾತ್ರಕ್ಕೆ ಪೂರ್ತಿ 1,48,500ಕ್ಕೆ ಸುಂಕ ಕಟ್ಟಬೇಕಿಲ್ಲ.

ಲ್ಯಾಪ್‌ಟಾಪ್, ಮೊಬೈಲ್‌ನಂಥ ಸಾಮಾನ್ಯ ವಸ್ತುಗಳಿಗೆಲ್ಲ ಬ್ಯಾಗೇಜಿನ ಸುಂಕ ಒಂದೇ ದರದಲ್ಲಿದೆ: ಬೆಲೆಯ ಶೇಕಡಾ 35. ಆ ಸುಂಕದ ಮೇಲೆ ಶೇಕಡಾ 10 ಸಮಾಜ ಕಲ್ಯಾಣ ಸರ್‌ಚಾರ್ಜ್. ಎರಡೂ ಸೇರಿ ಬೆಲೆಯ ಶೇಕಡಾ 38.5. ಜಿಎಸ್‌ಟಿ ಬೇರೆಯಾಗಿ ಇಲ್ಲ. 73,500ಕ್ಕೆ ಶೇಕಡಾ 35 ಎಂದರೆ 25,725. ಅದರ ಹತ್ತನೇ ಒಂದು ಪಾಲು 2,572 ರೂಪಾಯಿ 50 ಪೈಸೆ. ಒಟ್ಟು 28,297 ರೂಪಾಯಿ 50 ಪೈಸೆ. ಇದು ಈ ಎಂಜಿನಿಯರ್ ಕಟ್ಟಬೇಕಾದ ಮೊತ್ತ.

ಈಗ ವಿನಾಯಿತಿಯನ್ನು ತಂಗಿಯ ಲ್ಯಾಪ್‌ಟಾಪಿಗೆ ಹಚ್ಚಿದ್ದರೆ ಏನಾಗುತ್ತಿತ್ತು ನೋಡಿ. ಲೆಕ್ಕದಲ್ಲಿ ಉಳಿಯುವುದು 1,26,000, 54,000 ಮತ್ತು 22,500, ಒಟ್ಟು 2,02,500. ಮಿತಿ ಕಳೆದರೆ 1,27,500. ಸುಂಕ 49,087 ರೂಪಾಯಿ 50 ಪೈಸೆ. ಅದೇ ಸಾಮಾನು, ಅದೇ ಪ್ರಯಾಣಿಕ, ಆದರೆ 20,790 ರೂಪಾಯಿ ಹೆಚ್ಚು. ವಿನಾಯಿತಿಯಲ್ಲಿ ಲ್ಯಾಪ್‌ಟಾಪಿನ ಬೆಲೆಗೆ ಮಿತಿ ಇಲ್ಲ. ಹಾಗಾಗಿ ದುಬಾರಿಯದನ್ನೇ ವಿನಾಯಿತಿಗೆ ತೋರಿಸುವುದರಲ್ಲಿ ತಪ್ಪೇನೂ ಇಲ್ಲ. ಘೋಷಣೆ ಬರೆಯುವಾಗ ಇದನ್ನು ಸ್ಪಷ್ಟವಾಗಿ ಬರೆಯಬೇಕು, ಅಧಿಕಾರಿಗೂ ಹೇಳಬೇಕು. ‘ಎರಡು ಲ್ಯಾಪ್‌ಟಾಪ್’ ಎಂದಷ್ಟೇ ಬರೆದು ಸುಮ್ಮನಾದರೆ ಯಾವುದನ್ನು ಬಿಡುವುದು, ಯಾವುದನ್ನು ಹಿಡಿಯುವುದು ಎಂಬ ತೀರ್ಮಾನ ಬೇರೆಯವರ ಕೈಗೆ ಹೋಗುತ್ತದೆ.

ಇದೇ ಸಾಮಾನನ್ನು ಗಂಡ ಹೆಂಡತಿ ಇಬ್ಬರು ಸೇರಿ ತಂದಿದ್ದರೆ? ಇಬ್ಬರಿಗೂ ಒಂದೊಂದು ಲ್ಯಾಪ್‌ಟಾಪ್, ಇಬ್ಬರಿಗೂ 75,000. ಎರಡೂ ಲ್ಯಾಪ್‌ಟಾಪ್ ವಿನಾಯಿತಿಯಲ್ಲಿ ಹೋಗುತ್ತವೆ. 54,000ದ ಮೊಬೈಲ್ ಒಬ್ಬರ ಮಿತಿಯಲ್ಲಿ, 22,500ರ ಸಣ್ಣ ಸಾಮಾನು ಇನ್ನೊಬ್ಬರ ಮಿತಿಯಲ್ಲಿ. ಸುಂಕ ಒಂದು ರೂಪಾಯಿಯೂ ಇಲ್ಲ. ಆದರೆ ಇಲ್ಲೊಂದು ಗಟ್ಟಿ ಗೆರೆ ಇದೆ. ಇಬ್ಬರ ಮಿತಿಯನ್ನು ಕೂಡಿಸಿ ಒಂದೇ ವಸ್ತುವಿಗೆ ಹಚ್ಚುವಂತಿಲ್ಲ. ಮೊಬೈಲ್ 1,20,000 ರೂಪಾಯಿಯದ್ದಾಗಿದ್ದರೆ ಇಬ್ಬರಿಗೂ ಸೇರಿ ಒಂದೂವರೆ ಲಕ್ಷವಿದೆಯಲ್ಲ ಎಂಬ ವಾದ ನಡೆಯುವುದಿಲ್ಲ. ಅದು ಒಬ್ಬರ ವಸ್ತು. ಆ ಒಬ್ಬರ 75,000 ಕಳೆದು ಉಳಿದ 45,000ಕ್ಕೆ 17,325 ರೂಪಾಯಿ ಕಟ್ಟಬೇಕು, ಪಕ್ಕದಲ್ಲಿ ನಿಂತವರ ಮಿತಿ ಮುಟ್ಟದೆ ಉಳಿದಿದ್ದರೂ ಸಹ. ಮಕ್ಕಳ ವಿಷಯದಲ್ಲೂ ಎಚ್ಚರ ಬೇಕು. ಹದಿನೈದು ವರ್ಷದ ಮಗಳ ಹೆಸರಿನಲ್ಲಿ ಲ್ಯಾಪ್‌ಟಾಪಿನ ವಿನಾಯಿತಿ ಕೇಳುವಂತಿಲ್ಲ, ಅದಕ್ಕೆ ಹದಿನೆಂಟು ತುಂಬಿರಬೇಕು.

ಟಿವಿಯನ್ನು ಈ ಲೆಕ್ಕದಲ್ಲಿ ಸೇರಿಸಲೇಬಾರದು. ಎಲ್‌ಇಡಿ, ಎಲ್‌ಸಿಡಿ ಟಿವಿಗೆ 75,000ದ ಮಿತಿ ಅನ್ವಯಿಸುವುದೇ ಇಲ್ಲ, ಮೊದಲ ರೂಪಾಯಿಯಿಂದಲೇ ಸುಂಕ. 2013ರ ಆಗಸ್ಟ್‌ವರೆಗೆ ಹೀಗಿರಲಿಲ್ಲ. ಕೊಲ್ಲಿ ದೇಶಗಳಿಂದ ಬರುವವರು ರಟ್ಟಿನ ಪೆಟ್ಟಿಗೆಯಲ್ಲಿ ಟಿವಿ ತರುವುದು ಆಗ ಸಾಮಾನ್ಯವಾಗಿತ್ತು. ರೂಪಾಯಿ ಕುಸಿಯುತ್ತಿದ್ದ ಆ ತಿಂಗಳಲ್ಲಿ ಸರ್ಕಾರ ಟಿವಿಯನ್ನು ಸುಂಕರಹಿತ ಮಿತಿಯಿಂದ ತೆಗೆದುಹಾಕಿತು. ಕರಾವಳಿಯ ಮನೆಗಳಲ್ಲಿ ಇಂದಿಗೂ ‘ಒಂದು ಟಿವಿ ಬಿಡುತ್ತಾರೆ’ ಎಂಬ ಮಾತು ಓಡಾಡುವುದು ಆ ಹಳೆಯ ಕಾಲದ ನೆನಪಿನಿಂದ.

ಈಗ ಪಕ್ಕಕ್ಕಿಟ್ಟ ಕಚೇರಿಯ ಲ್ಯಾಪ್‌ಟಾಪಿಗೆ ಬರೋಣ. ಇಲ್ಲಿಂದ ಹೋದದ್ದು ಇಲ್ಲಿಗೆ ಮರಳಿದರೆ ಅದು ವಿದೇಶದಲ್ಲಿ ಕೊಂಡ ವಸ್ತುವಲ್ಲ, ಅದಕ್ಕೆ ಸುಂಕ ಕೇಳುವುದಕ್ಕೆ ಆಧಾರವಿಲ್ಲ. ಸಮಸ್ಯೆ ಇರುವುದು ಸಾಬೀತುಮಾಡುವುದರಲ್ಲಿ. ಮೂರು ಲ್ಯಾಪ್‌ಟಾಪ್ ಎಕ್ಸ್‌ರೇ ಯಂತ್ರದ ಪರದೆಯ ಮೇಲೆ ಕಂಡಾಗ ಅಧಿಕಾರಿಗೆ ಕಾಣುವುದು ಮೂರು ಲ್ಯಾಪ್‌ಟಾಪ್, ಅಷ್ಟೇ. ಇದಕ್ಕೆ ಒಂದು ಏರ್ಪಾಡಿದೆ. ಹೊರಡುವಾಗ ನಿರ್ಗಮನ ಭಾಗದ ಕಸ್ಟಮ್ಸ್ ಅಧಿಕಾರಿಗೆ ವಸ್ತುವನ್ನು ತೋರಿಸಿ ರಫ್ತು ಪ್ರಮಾಣಪತ್ರ ಪಡೆಯಬಹುದು. ಅದರಲ್ಲಿ ಮಾದರಿ, ಸೀರಿಯಲ್ ಸಂಖ್ಯೆ ಇರುತ್ತವೆ. ಮರಳುವಾಗ ಅದನ್ನು ತೋರಿಸಿದರೆ ಮಾತೇ ಇಲ್ಲ. ದುಬಾರಿ ಕ್ಯಾಮೆರಾ, ಆಭರಣ ತೆಗೆದುಕೊಂಡು ಹೋಗುವವರು ಇದನ್ನು ಖಂಡಿತ ಮಾಡಿಸಬೇಕು. ಕಚೇರಿಯ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಕಂಪನಿಯ ಪತ್ರ, ಯಂತ್ರದ ಮೇಲೆ ಅಂಟಿಸಿದ ಕಂಪನಿಯ ಸಂಖ್ಯೆ, ಹಳೆಯ ಬಳಕೆಯ ಗುರುತು ಸಾಕಾಗುತ್ತದೆ. ಸ್ವಂತದ್ದಾದರೆ ಭಾರತದಲ್ಲಿ ಕೊಂಡ ಬಿಲ್ಲಿನ ಪ್ರತಿ ಮೊಬೈಲಿನಲ್ಲಿರಲಿ.

ಕೌಂಟರಿನಲ್ಲಿ ದರದ ಬಗ್ಗೆ ಜಗಳ ಹುಟ್ಟುವುದಿಲ್ಲ, 35 ಎನ್ನುವುದು 35ವೇ. ಜಗಳ ಹುಟ್ಟುವುದು ಬೆಲೆಯ ಬಗ್ಗೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ತಂಗಿಗೆ ಕಾಲೇಜು ಶುರುವಾಗುತ್ತಿದೆ, ಹಬ್ಬದ ರಿಯಾಯಿತಿಯಲ್ಲಿ ಅಗ್ಗಕ್ಕೆ ಸಿಕ್ಕಿತು, ಗೆಳೆಯ ಕೊಟ್ಟ ಎಂಬ ಮಾತುಗಳಿಗೆ ಬೆಲೆ ಇಲ್ಲ. ಬಿಲ್ಲಿಗೆ ಇದೆ. ಬಿಲ್ಲು ಇಲ್ಲದಿದ್ದರೆ ಅಧಿಕಾರಿ ಅದೇ ಮಾದರಿಯ ಬೆಲೆಯನ್ನು ಇಂಟರ್‌ನೆಟ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ಸಿಗುವುದು ಹೆಚ್ಚಾಗಿ ತಯಾರಕರ ಪೂರ್ತಿ ಬೆಲೆ. ಮೇಲಿನ ಉದಾಹರಣೆಯಲ್ಲಿ ತಂಗಿಯ 800 ಡಾಲರಿನ ಲ್ಯಾಪ್‌ಟಾಪ್‌ಗೆ ಪೂರ್ತಿ ಬೆಲೆ 1,000 ಡಾಲರ್ ಇದ್ದು, ಬಿಲ್ಲು ಕಳೆದುಹೋಗಿದ್ದರೆ, ಲೆಕ್ಕಕ್ಕೆ 18,000 ರೂಪಾಯಿ ಹೆಚ್ಚು ಸೇರುತ್ತದೆ, ಸುಂಕ 6,930 ರೂಪಾಯಿ ಏರುತ್ತದೆ. ಒಂದು ಕಾಗದದ ಬೆಲೆ ಅಷ್ಟು. ಬಿಲ್ಲಿನಲ್ಲಿ ಅಂಗಡಿಯ ಹೆಸರು, ದಿನಾಂಕ, ಸೀರಿಯಲ್ ಸಂಖ್ಯೆ, ರಿಯಾಯಿತಿ ಕಳೆದ ಮೇಲಿನ ಮೊತ್ತ ಎದ್ದು ಕಾಣಬೇಕು. ಕಾರ್ಡಿನ ಪಾವತಿಯ ಸಂದೇಶವೂ ಜೊತೆಗಿದ್ದರೆ ಅದು ಬಿಲ್ಲಿಗೆ ಸಾಕ್ಷಿ ಹೇಳುತ್ತದೆ. ಕಡಿಮೆ ಬೆಲೆಯ ಸುಳ್ಳು ಬಿಲ್ಲು ಮಾಡಿಸುವ ಯೋಚನೆ ಯಾರಿಗಾದರೂ ಬಂದರೆ ಅದನ್ನು ಅಲ್ಲೇ ಬಿಟ್ಟುಬಿಡಿ. ಆಗ ಪ್ರಶ್ನೆ ಸುಂಕದ್ದಾಗಿ ಉಳಿಯುವುದಿಲ್ಲ, ಸುಳ್ಳು ದಾಖಲೆಯದ್ದಾಗುತ್ತದೆ.

ಇನ್ನು ದಾರಿ. ಸಾಮಾನು ಬರುವ ಬೆಲ್ಟಿನಿಂದ ಚೆಕ್‌ಇನ್ ಪೆಟ್ಟಿಗೆ ಎತ್ತಿಕೊಂಡ ಮೇಲೆ ಎದುರಿಗೆ ಎರಡು ಹಾದಿ: ಏನೂ ಘೋಷಿಸಬೇಕಿಲ್ಲದವರಿಗೆ ಗ್ರೀನ್ ಚಾನೆಲ್, ಘೋಷಿಸಬೇಕಾದವರಿಗೆ ರೆಡ್ ಚಾನೆಲ್. ರೆಡ್ ಎಂದರೆ ತಪ್ಪಿತಸ್ಥರ ಸಾಲು ಎಂಬ ಅಂಜಿಕೆ ಜನರಲ್ಲಿದೆ. ಅದು ಹಾಗಲ್ಲ, ಅದು ಹಣ ಕಟ್ಟುವ ಸಾಲು. ಕಸ್ಟಮ್ಸ್ ಇಲಾಖೆಯ ‘ಅತಿಥಿ’ ಎಂಬ ಆ್ಯಪ್‌ನಲ್ಲಿ ವಿಮಾನ ಇಳಿಯುವ ಮುನ್ನವೇ ಘೋಷಣೆ ಸಲ್ಲಿಸಬಹುದು. ಇಲ್ಲವಾದರೆ ಕೌಂಟರಿನಲ್ಲೇ ಕೊಡಬಹುದು. ಅಧಿಕಾರಿ ವಸ್ತುಗಳನ್ನು ನೋಡಿ, ಬಿಲ್ಲು ನೋಡಿ, ಬೆಲೆ ಕಟ್ಟಿ, ಮಿತಿ ಕಳೆದು ಸುಂಕ ಹೇಳುತ್ತಾರೆ. ಕಟ್ಟಿದ ಮೇಲೆ ರಸೀದಿ ಬರುತ್ತದೆ. ಆ ರಸೀದಿಯಲ್ಲಿ ವಸ್ತುವಿನ ಹೆಸರು ಮತ್ತು ಬೆಲೆ ಇದೆಯೇ ಎಂದು ಅಲ್ಲೇ ನಿಂತು ನೋಡಬೇಕು. ಮುಂದಿನ ಸಲ ಅದೇ ಲ್ಯಾಪ್‌ಟಾಪ್ ಹಿಡಿದು ಹೊರದೇಶಕ್ಕೆ ಹೋಗಿ ಬರುವಾಗ ಅದೇ ನಿಮ್ಮ ಪುರಾವೆ.

ಆ ಎಂಜಿನಿಯರ್ 28,297 ರೂಪಾಯಿ ಉಳಿಸಲು ಗ್ರೀನ್ ಚಾನೆಲಿನಲ್ಲಿ ನಡೆದುಹೋಗಿ ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಗ್ರೀನ್ ಚಾನೆಲಿಗೆ ಕಾಲಿಟ್ಟರೆ ‘ಘೋಷಿಸಲು ಏನೂ ಇಲ್ಲ’ ಎಂದು ಹೇಳಿದಂತೆ. ಘೋಷಿಸದ ವಸ್ತು ಮುಟ್ಟುಗೋಲಿಗೆ ಒಳಗಾಗಬಹುದು. ಬಿಡಿಸಿಕೊಳ್ಳಲು ಸುಂಕದ ಜೊತೆಗೆ ಬಿಡುಗಡೆಯ ದಂಡ, ಅದರ ಮೇಲೆ ವೈಯಕ್ತಿಕ ದಂಡ. ಬಿಡುಗಡೆಯ ದಂಡದ ಮೇಲ್ಮಿತಿ ವಸ್ತುವಿನ ಮಾರುಕಟ್ಟೆ ಬೆಲೆಯಲ್ಲಿ ಸುಂಕ ಕಳೆದಷ್ಟು. ಅಂದರೆ ಅತಿ ಕೆಟ್ಟ ಸಂದರ್ಭದಲ್ಲಿ ಸುಂಕವೂ ಬಿಡುಗಡೆಯ ದಂಡವೂ ಸೇರಿ ವಸ್ತುವನ್ನು ಇನ್ನೊಮ್ಮೆ ಕೊಂಡಷ್ಟು ಖರ್ಚು, ವೈಯಕ್ತಿಕ ದಂಡ ಬೇರೆ. ನಿಜ ಹೇಳಿ ಘೋಷಿಸಿದವರಿಗೆ ಮಾತ್ರ ಸಿಗುವ ಇನ್ನೊಂದು ಅನುಕೂಲವೂ ಆಗ ಕೈತಪ್ಪುತ್ತದೆ. ಕಾಯ್ದೆಯ 80ನೇ ಸೆಕ್ಷನ್ ಪ್ರಕಾರ, ಸುಂಕ ಬೀಳುವ ವಸ್ತುವನ್ನು ಸರಿಯಾಗಿ ಘೋಷಿಸಿದವರು ಸುಂಕ ಕಟ್ಟಲು ಇಷ್ಟವಿಲ್ಲದಿದ್ದರೆ ಅದನ್ನು ಕಸ್ಟಮ್ಸ್ ವಶದಲ್ಲೇ ಬಿಟ್ಟು, ಭಾರತದಿಂದ ಮರಳಿ ಹೊರಡುವಾಗ ತೆಗೆದುಕೊಂಡು ಹೋಗುವಂತೆ ಕೇಳಿಕೊಳ್ಳಬಹುದು. ಮೂರು ವಾರದ ರಜೆಗೆ ಬಂದು ದುಬೈಗೋ ದೋಹಾಗೋ ಹಿಂದಿರುಗುವವರಿಗೆ ಇದು ದೊಡ್ಡ ಉಪಕಾರ. ಕೇಳುವವರು ಕಡಿಮೆ, ಏಕೆಂದರೆ ಇದು ಇದೆ ಎಂದು ತಿಳಿದವರೇ ಕಡಿಮೆ. ಕೈಯಲ್ಲಿ ಹಣವಿಲ್ಲದಿದ್ದರೂ ವಸ್ತುವನ್ನು ಅಲ್ಲೇ ಇರಿಸಿ, ಅದಕ್ಕೆ ರಸೀದಿ ಪಡೆದು, ನಂತರ ಸುಂಕ ಕಟ್ಟಿ ಬಿಡಿಸಿಕೊಳ್ಳಬಹುದು.

ಅಧಿಕಾರಿ ಹಾಕಿದ ಬೆಲೆ ತಪ್ಪು ಎನ್ನಿಸಿದರೆ ಲಿಖಿತ ಆದೇಶ ಕೇಳಬೇಕು. ಬಾಯಿಮಾತಿನ ವಾದಕ್ಕೆ ಮೇಲ್ಮನವಿ ಇಲ್ಲ, ಆದೇಶಕ್ಕೆ ಇದೆ. ಆದೇಶ ಕೈಸೇರಿದ 60 ದಿನದೊಳಗೆ ಮೇಲ್ಮನವಿ ಕಮಿಷನರ್ ಅವರ ಬಳಿ ಹೋಗಬಹುದು. ಅಲ್ಲಿಯೂ ಒಪ್ಪಿಗೆಯಾಗದಿದ್ದರೆ ಬ್ಯಾಗೇಜಿನ ಪ್ರಕರಣಗಳು ನ್ಯಾಯಮಂಡಳಿಗೆ ಹೋಗುವುದಿಲ್ಲ, ಕೇಂದ್ರ ಸರ್ಕಾರದ ಮುಂದೆ ಮರುಪರಿಶೀಲನೆಗೆ ಹೋಗುತ್ತವೆ. ವಸ್ತು ವಶಪಡಿಸಿಕೊಂಡಾಗ ಮುಂದೆ ಇಡುವ ಕಾಗದಗಳನ್ನು ಓದದೆ ಸಹಿ ಮಾಡಬಾರದು. ಶೋಕಾಸ್ ನೋಟಿಸ್ ಬೇಡ, ವಿಚಾರಣೆ ಬೇಡ ಎಂದು ಮೊದಲೇ ಮುದ್ರಿಸಿದ ನಮೂನೆಗೆ ಪ್ರಯಾಣಿಕರ ಸಹಿ ಹಾಕಿಸಿಕೊಳ್ಳುವ ರೂಢಿಯನ್ನು ದೆಹಲಿ ಹೈಕೋರ್ಟ್ 2025ರಲ್ಲಿ ಒಪ್ಪಲಿಲ್ಲ. ಅಂಥ ಅಚ್ಚಿನ ನಮೂನೆಯ ಸಹಿ ಕಾಯ್ದೆಯ 124ನೇ ಸೆಕ್ಷನ್ ಕೊಟ್ಟ ಹಕ್ಕನ್ನು ಕಿತ್ತುಕೊಳ್ಳಲಾರದು ಎಂದಿತು. ಇಡೀ ರಾತ್ರಿ ವಿಮಾನದಲ್ಲಿ ಕೂತು ಬಂದು, ಹೊರಗೆ ಕಾಯುತ್ತಿರುವ ಮನೆಯವರನ್ನು ನೆನೆಯುತ್ತಾ, ಬೆಳಗಿನ ಜಾವ ಮೂರಕ್ಕೆ ಕಾಗದದ ಮುಂದೆ ನಿಂತವರಿಗೆ ಆ ಹಕ್ಕು ನೆನಪಿರುವುದು ಕಷ್ಟ. ಅದಕ್ಕೇ ನ್ಯಾಯಾಲಯದ ಈ ಮಾತು ಮುಖ್ಯ.

‘ನನಗೊಂದು ಲ್ಯಾಪ್‌ಟಾಪ್ ತಂದುಕೊಡು’ ಎಂಬ ಬೇಡಿಕೆಯ ಬಗ್ಗೆಯೂ ಒಂದು ಮಾತು. ಪರಿಚಯದವರ ದುಡ್ಡಿನಲ್ಲಿ, ಅವರ ಹೆಸರಿನ ಬಿಲ್ಲಿನಲ್ಲಿ ಕೊಂಡದ್ದನ್ನು ನಿಮ್ಮ ವಿನಾಯಿತಿಯಲ್ಲಿ ತರುವುದು ನಿಮ್ಮ ಬಳಕೆಯೂ ಅಲ್ಲ, ನಿಮ್ಮ ಉಡುಗೊರೆಯೂ ಅಲ್ಲ. ಪ್ರಶ್ನೆ ಬಂದಾಗ ಉತ್ತರಿಸಬೇಕಾದವರು ನೀವು, ದಂಡ ಬಿದ್ದರೆ ಅದೂ ನಿಮ್ಮ ಪಾಸ್‌ಪೋರ್ಟಿನ ಹೆಸರಿಗೆ. ಸಂಕೋಚ ಬಿಟ್ಟು ಆಗುವುದಿಲ್ಲ ಎನ್ನುವುದು ಇಬ್ಬರಿಗೂ ಒಳಿತು.

ಕೊನೆಗೆ, ಈ ವ್ಯವಸ್ಥೆಯಲ್ಲಿ ನನಗೆ ಅನ್ಯಾಯವೆನ್ನಿಸುವುದು ಒಂದಿದೆ. ವ್ಯಾಪಾರಿಯೊಬ್ಬ ಹಡಗಿನಲ್ಲಿ ಸಾವಿರ ಲ್ಯಾಪ್‌ಟಾಪ್ ತರಿಸಿದರೆ ಅವನಿಗೆ ಮೂಲ ಕಸ್ಟಮ್ಸ್ ಸುಂಕ ಸೊನ್ನೆ. ಮಾಹಿತಿ ತಂತ್ರಜ್ಞಾನದ ವಸ್ತುಗಳ ಮೇಲೆ ಸುಂಕ ಹಾಕುವುದಿಲ್ಲ ಎಂದು ಭಾರತ 1990ರ ದಶಕದಲ್ಲಿ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಒಪ್ಪಿಕೊಂಡಿರುವುದರಿಂದ ಅವನು ಕಟ್ಟುವುದು ಶೇಕಡಾ 18 ಜಿಎಸ್‌ಟಿ ಮಾತ್ರ. ಅದನ್ನೂ ಮಾರುವಾಗ ಹೊಂದಿಸಿಕೊಳ್ಳುತ್ತಾನೆ. ಅದೇ ಲ್ಯಾಪ್‌ಟಾಪನ್ನು ಅಕ್ಕನೊಬ್ಬಳು ತಂಗಿಗಾಗಿ ಚೀಲದಲ್ಲಿ ತಂದರೆ, ಮಿತಿ ಮೀರಿದ ಭಾಗಕ್ಕೆ 38.5. ಬ್ಯಾಗೇಜಿಗೆ ಒಂದೇ ದರ ಇಟ್ಟಿರುವುದಕ್ಕೆ ಕಾರಣ ಇಲ್ಲದಿಲ್ಲ. ಸಾವಿರಾರು ಜನ ಹೊರಬೀಳುವ ಸಭಾಂಗಣದಲ್ಲಿ ಪ್ರತಿ ವಸ್ತುವಿಗೂ ಬೇರೆ ಬೇರೆ ದರ ಹುಡುಕುತ್ತಾ ಕೂತರೆ ಸಾಲು ಕರಗುವುದಿಲ್ಲ, ಮತ್ತು ಬ್ಯಾಗೇಜಿನ ಹೆಸರಿನಲ್ಲಿ ವ್ಯಾಪಾರ ನಡೆಯದಂತೆ ತಡೆಯಲು ದರ ಕಹಿಯಾಗಿಯೇ ಇರಬೇಕು ಎಂಬುದು ಇಲಾಖೆಯ ವಾದ. ಚಿನ್ನಕ್ಕೆ, ಸಿಗರೇಟಿಗೆ ಆ ವಾದ ಒಪ್ಪುತ್ತದೆ. ಆದರೆ ಒಂದು ಲ್ಯಾಪ್‌ಟಾಪ್ ಬಿಡಬಹುದು ಎಂದು ಸರ್ಕಾರವೇ 2004ರಲ್ಲಿ ನಿರ್ಧರಿಸಿದ್ದು ಅದು ಐಷಾರಾಮದ ವಸ್ತುವಲ್ಲ, ಕೆಲಸದ ಸಲಕರಣೆ ಎಂಬ ಕಾರಣಕ್ಕಲ್ಲವೇ? ಹಾಗಿದ್ದರೆ ಎರಡನೆಯದಕ್ಕೆ ಅಂಗಡಿಯವನು ತೆರುವ 18ನ್ನೇ ಕೇಳಬಹುದಿತ್ತು. ಮೇಲಿನ ಎಂಜಿನಿಯರ್ ತನ್ನ 75,000ದ ಮಿತಿಯನ್ನು ಮೊಬೈಲು ಮತ್ತು ಸಣ್ಣ ಉಡುಗೊರೆಗಳಿಗೆ ಹಚ್ಚಿ, ಉಳಿದ 1,500ಕ್ಕೆ 38.5ರಂತೆ, ತಂಗಿಯ 72,000ಕ್ಕೆ 18ರಂತೆ ಕಟ್ಟುವ ಹಾಗಿದ್ದರೆ ಮೊತ್ತ 13,500 ರೂಪಾಯಿ ಚಿಲ್ಲರೆಯಲ್ಲಿ ಮುಗಿಯುತ್ತಿತ್ತು. ಈಗಿನದರ ಅರ್ಧಕ್ಕೂ ಕಡಿಮೆ. 2026ರ ನಿಯಮಗಳು ಮಿತಿಯನ್ನು ಏರಿಸಿದವು, ಈ ಅಂತರವನ್ನು ಮುಟ್ಟಲಿಲ್ಲ.

ಈ ವರ್ಷದ ಬಜೆಟ್ಟಿನಲ್ಲಿ ‘ಸ್ವಂತ ಬಳಕೆಯ ವಸ್ತುಗಳ ಸುಂಕ 20ರಿಂದ 10ಕ್ಕೆ ಇಳಿಯಿತು’ ಎಂಬ ಸಾಲು ಬಂದಾಗ ಅದು ಪ್ರಯಾಣಿಕರ ಸೂಟ್‌ಕೇಸಿಗೂ ಅನ್ವಯಿಸುತ್ತದೆ ಎಂದು ಕೆಲವರು ಖುಷಿಪಟ್ಟರು. ಅದು ಅಂಚೆಯಲ್ಲೋ ವಿಮಾನದ ಪಾರ್ಸೆಲಿನಲ್ಲೋ ಸ್ವಂತಕ್ಕೆ ತರಿಸಿಕೊಳ್ಳುವ ವಸ್ತುಗಳ ಮಾತು. ಸುಂಕದ ಪಟ್ಟಿಯಲ್ಲಿ ಅವುಗಳ ಶೀರ್ಷಿಕೆ 9804, ಪ್ರಯಾಣಿಕರ ಬ್ಯಾಗೇಜಿನದು 9803. ಕೈಯಲ್ಲಿ ಹಿಡಿದು ತರುವವರು ಕಟ್ಟಬೇಕಾದದ್ದು 9803ರ ದರವನ್ನು. ಆ ಒಂದು ಸಾಲನ್ನು ನಂಬಿ ಎರಡನೇ ಲ್ಯಾಪ್‌ಟಾಪ್ ಕೊಂಡವರು ಕೌಂಟರಿನ ಮುಂದೆ ನಿಂತಾಗ 38.5ರ ಲೆಕ್ಕವನ್ನೇ ಹಾಕಿಕೊಂಡು, ಬಿಲ್ಲು ಮತ್ತು ಕಾರ್ಡು ಎರಡನ್ನೂ ಕೈಯಲ್ಲಿಟ್ಟುಕೊಂಡಿರಬೇಕು.